ದತ್ತು ಮಗು ಬರುವ ವಾರ ಹತ್ತಿರವಾಗಿದೆ, ತಾಯಿಗೆ ರಜೆ ಇಲ್ಲವಂತೆ: ಹಾಸನದಿಂದ ಒಂದು ಪ್ರಶ್ನೆ

ಕಾಫಿಹೂವು (ಹಾಸನ), 8 ಡಿಸೆಂಬರ್ 2024

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಎಂಬತ್ತಕ್ಕೂ ಹೆಚ್ಚು ಜನ ನೌಕರರಿದ್ದಾರೆ. ನನ್ನ ಸಂಬಳ ಇಪ್ಪತ್ತಾರು ಸಾವಿರ, ಹಾಗಾಗಿ ಇಎಸ್‌ಐ ಕಾರ್ಡ್ ಇಲ್ಲ. ಪತಿ ಅಂಚೆ ಇಲಾಖೆಯ ಕಾಯಂ ನೌಕರರು.

ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾ ಮೂಲಕ ದತ್ತು ಪಡೆಯಲು ಹೆಸರು ನೋಂದಾಯಿಸಿ ಬಹಳ ಕಾಲ ಕಾದೆವು. ನವೆಂಬರ್ ಕೊನೆಯಲ್ಲಿ ಒಂದು ಹೆಣ್ಣು ಮಗುವಿನ ವಿವರ ಬಂತು. ಕೊಟ್ಟಿದ್ದ ನಲವತ್ತೆಂಟು ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಿದೆವು, ಹೋಗಿ ನೋಡಿ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿ ಬಂದೆವು. ಇದೇ ಶನಿವಾರ ದತ್ತುಪೂರ್ವ ಪೋಷಣೆಗಾಗಿ ಮಗುವನ್ನು ನಮ್ಮ ಕೈಗೆ ಕೊಡುತ್ತಾರೆ. ಅಂದಿಗೆ ಅವಳಿಗೆ ಐದು ತಿಂಗಳು ತುಂಬಿರುತ್ತದೆ.

ರಜೆ ಕೇಳಲು ಹೋದಾಗ ನಮ್ಮ ಸಿಬ್ಬಂದಿ ವಿಭಾಗದವರು, ಮಗುವಿಗೆ ಮೂರು ತಿಂಗಳು ದಾಟಿರುವುದರಿಂದ ಕಾನೂನಿನ ಪ್ರಕಾರ ಒಂದು ದಿನವೂ ಬರುವುದಿಲ್ಲ ಎಂದರು. ಅವರು ಒರಟಾಗಿ ಹೇಳಲಿಲ್ಲ, ಕಾಯ್ದೆಯ ಪುಟ ತೆಗೆದು ತೋರಿಸಿಯೇ ಹೇಳಿದರು. ಪತಿಗೆ ಮಾತ್ರ ಹದಿನೈದು ದಿನ ಸಿಗುತ್ತದೆಯಂತೆ. ತಂದೆಗೆ ರಜೆ, ತಾಯಿಗೆ ಇಲ್ಲ ಎಂಬುದು ನಿಜವೇ? ತಿಳಿದವರು ದಯವಿಟ್ಟು ಹೇಳಿ.

ಹೊಯ್ಸಳನಾಡು (ಬೇಲೂರು), 8 ಡಿಸೆಂಬರ್

ಮೊದಲಿಗೆ ನಿಮ್ಮಿಬ್ಬರಿಗೂ ಅಭಿನಂದನೆ ಮೇಡಂ. ನಿಮ್ಮ ಕಚೇರಿಯವರು ಹಳೆಯ ಕಾನೂನನ್ನು ಹಿಡಿದುಕೊಂಡಿದ್ದಾರೆ. 2017ರಲ್ಲಿ ತಿದ್ದುಪಡಿಯಾಗಿ ಹೆರಿಗೆ ರಜೆ ಹನ್ನೆರಡು ವಾರದಿಂದ ಇಪ್ಪತ್ತಾರು ವಾರಕ್ಕೆ ಏರಿದೆ, ಅದರಲ್ಲಿ ದತ್ತು ತಾಯಂದಿರನ್ನೂ ಸೇರಿಸಿದ್ದಾರೆ. ಆಗ ಪತ್ರಿಕೆಗಳಲ್ಲಿ ದೊಡ್ಡದಾಗಿಯೇ ಬಂದಿತ್ತು. ಇಪ್ಪತ್ತಾರು ವಾರ ನಿಮ್ಮ ಹಕ್ಕು. ಬಿಡಬೇಡಿ, ಬರಹದಲ್ಲಿ ಕೇಳಿ.

ನಿವೃತ್ತ ಗುಮಾಸ್ತ (ಚಿಕ್ಕಮಗಳೂರು), 8 ಡಿಸೆಂಬರ್

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೇವಾ ಪುಸ್ತಕ ಮತ್ತು ರಜೆ ಲೆಕ್ಕ ನೋಡಿಕೊಂಡು ನಿವೃತ್ತನಾದವನು. ಆಮೇಲೆ ಕೆಲವು ತೋಟಗಳಿಗೆ ಕಾರ್ಮಿಕ ಕಾಯ್ದೆಗಳ ದಾಖಲೆ ಬರೆದುಕೊಡುವ ಕೆಲಸವನ್ನೂ ಮಾಡಿದ್ದೇನೆ. ಹೊಯ್ಸಳನಾಡು ಅವರು ಹೇಳಿದ್ದರಲ್ಲಿ ಅರ್ಧ ಸರಿ. 2017ರ ತಿದ್ದುಪಡಿ ದತ್ತು ತಾಯಿಯನ್ನು ಹೆರಿಗೆ ಸೌಲಭ್ಯ ಕಾಯ್ದೆಯೊಳಗೆ ತಂದದ್ದು ನಿಜ. ಆದರೆ ಇಪ್ಪತ್ತಾರು ವಾರ ಹೆತ್ತ ತಾಯಿಗೆ, ಅದೂ ಮೊದಲ ಎರಡು ಮಕ್ಕಳಿಗೆ ಮಾತ್ರ. ದತ್ತು ತಾಯಿಗೆ ಹನ್ನೆರಡು ವಾರ. ಕಾಯ್ದೆಯ 5ನೇ ಸೆಕ್ಷನ್‌ನ 4ನೇ ಉಪವಿಧಿಯನ್ನು ನೋಡಿ. ಮೂರು ತಿಂಗಳಿಗಿಂತ ಕಡಿಮೆ ವಯಸ್ಸಿನ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆದ ಮಹಿಳೆಗೆ, ಮಗುವನ್ನು ಕೈಗೆ ಒಪ್ಪಿಸಿದ ದಿನದಿಂದ ಹನ್ನೆರಡು ವಾರ ಎಂದಿದೆ. ಮಗುವಿಗೆ ಐದು ತಿಂಗಳಾಗಿದ್ದರೆ ಆ ಹನ್ನೆರಡು ವಾರವೂ ಇಲ್ಲ. ನಿಮ್ಮ ಕಚೇರಿಯವರು ಕಾಯ್ದೆಯನ್ನು ಸರಿಯಾಗಿಯೇ ಓದಿದ್ದಾರೆ ತಾಯಿ, ತಪ್ಪು ಇರುವುದು ಕಾಯ್ದೆಯಲ್ಲಿ.

ಆ ಮೂರು ತಿಂಗಳ ಗೆರೆಯೊಳಗೆ ಕಾರಾ ಮೂಲಕ ಬರುವ ಮಗು ಹೇಗೆ ಬರಲು ಸಾಧ್ಯ ಎಂದು ಯಾರಾದರೂ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬೇಕು. ನಿಮ್ಮ ಮಗುವಿನ ದಿನಾಂಕಗಳನ್ನು ಹೇಳಬಹುದಾದರೆ ಹೇಳಿ. ಊರು, ಸಂಸ್ಥೆಯ ಹೆಸರು ಬೇಡ.

ಕಾಫಿಹೂವು, 9 ಡಿಸೆಂಬರ್

ಸರ್, ನಮಗೆ ಕೊಟ್ಟ ವರದಿಯಲ್ಲಿ ಇರುವುದಿಷ್ಟು. ಜುಲೈ ಎರಡನೇ ವಾರದಲ್ಲಿ, ಹುಟ್ಟಿ ಎರಡೋ ಮೂರೋ ದಿನವಾಗಿದ್ದಾಗ ಮಗು ಸಿಕ್ಕಿದೆ. ಮರುದಿನವೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದ್ದಾರೆ. ದತ್ತು ನೀಡಲು ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸಿದ್ದು ಸೆಪ್ಟೆಂಬರ್ ಎರಡನೇ ವಾರದಲ್ಲಿ. ಆಮೇಲೆ ಸ್ವಲ್ಪ ಕಾಲ ಮಗುವಿಗೆ ಅನಾರೋಗ್ಯವಿತ್ತು, ವೈದ್ಯಕೀಯ ವರದಿ ತಡವಾಯಿತು. ನಮಗೆ ವಿವರ ಬಂದದ್ದು ನವೆಂಬರ್ 25ಕ್ಕೆ.

ನಿವೃತ್ತ ಗುಮಾಸ್ತ, 9 ಡಿಸೆಂಬರ್

ಸರಿ, ಇದನ್ನೇ ಇಟ್ಟುಕೊಂಡು ನೋಡೋಣ. ತಂದೆತಾಯಿ ಯಾರೆಂದು ತಿಳಿಯದ ಮಗು ಸಿಕ್ಕಿದಾಗ ಪೊಲೀಸರು ಹುಡುಕಬೇಕು, ಮಗುವಿನ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಹೆತ್ತವರು ಬರುತ್ತಾರೇನೋ ಎಂದು ಕಾಯಬೇಕು. ಎರಡು ವರ್ಷದೊಳಗಿನ ಮಗುವಾದರೆ ಇದಕ್ಕೆಲ್ಲ ಬಾಲನ್ಯಾಯ ಕಾಯ್ದೆ ಕೊಟ್ಟಿರುವ ಗಡುವು ಎರಡು ತಿಂಗಳು. ಹೆತ್ತ ತಾಯಿಯೇ ಸಮಿತಿಯ ಮುಂದೆ ಬಂದು ಮಗುವನ್ನು ಒಪ್ಪಿಸಿದ್ದರೂ ಅಷ್ಟೇ, ಮನಸ್ಸು ಬದಲಾಯಿಸಿಕೊಳ್ಳಲು ಅವಳಿಗೆ ಎರಡು ತಿಂಗಳ ಅವಕಾಶ ಕೊಡಲೇಬೇಕು. ಅದು ನ್ಯಾಯವಾದ ನಿಯಮ, ಅದನ್ನು ಕಡಿಮೆ ಮಾಡಿ ಎಂದು ಯಾರೂ ಹೇಳಬಾರದು. ನಿಮ್ಮ ಮಗುವಿನ ವಿಷಯದಲ್ಲಿ ಯಾರೂ ಒಂದು ದಿನವನ್ನೂ ವ್ಯರ್ಥ ಮಾಡಿಲ್ಲ, ಆದರೂ ಘೋಷಣೆಯಾದ ದಿನವೇ ಅವಳಿಗೆ ಎರಡು ತಿಂಗಳು ದಾಟಿತ್ತು.

ಅಲ್ಲಿಂದ ಮೂರು ತಿಂಗಳ ಗೆರೆಗೆ ಉಳಿಯುವುದು ನಾಲ್ಕು ವಾರಕ್ಕಿಂತ ಕಡಿಮೆ. ಅಷ್ಟರಲ್ಲಿ ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಜಾಲತಾಣಕ್ಕೆ ಏರಬೇಕು, ಸರದಿಯಲ್ಲಿರುವ ದಂಪತಿಗೆ ವಿವರ ಹೋಗಬೇಕು. ಅವರು ಕಾಯ್ದಿರಿಸಬೇಕು, ಬಂದು ನೋಡಿ ಒಪ್ಪಬೇಕು, ಒಪ್ಪಿದ ಮೇಲೆ ಹತ್ತು ದಿನದೊಳಗೆ ಮಗು ಮನೆಗೆ ಹೋಗಬೇಕು. ನೋಡಿ ಒಪ್ಪುವುದಕ್ಕೇ ನಿಯಮ ಮೂವತ್ತು ದಿನ ಕೊಡುತ್ತದೆ. ಒಂದು ನೆಗಡಿ ಜ್ವರ ಬಂದು ವೈದ್ಯರು ಇನ್ನೊಂದು ವಾರ ನೋಡೋಣ ಎಂದರೆ ಮುಗಿಯಿತು. ಒಂದು ಕಾಯ್ದೆ ಮಗುವನ್ನು ಕಾಯಿಸಿ ಎನ್ನುತ್ತದೆ, ಇನ್ನೊಂದು ಕಾಯ್ದೆ ಕಾದದ್ದಕ್ಕೆ ತಾಯಿಯ ರಜೆಯನ್ನು ಕಿತ್ತುಕೊಳ್ಳುತ್ತದೆ. ಎರಡನ್ನೂ ಮಾಡಿದ್ದು ಅದೇ ಸಂಸತ್ತು.

ಇದನ್ನೇ ಪ್ರಶ್ನಿಸಿ 2021ರಲ್ಲಿ ಕರ್ನಾಟಕದ ದತ್ತು ತಾಯಿಯೊಬ್ಬರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದಾರೆ. ಕಳೆದ ತಿಂಗಳು ನ್ಯಾಯಾಲಯ, ಮೂರು ತಿಂಗಳ ಈ ಮಿತಿಗೆ ಆಧಾರವೇನು ಎಂದು ಕೇಂದ್ರವನ್ನು ಕೇಳಿದೆ. ತೀರ್ಪು ಬಂದಿಲ್ಲ. ನಿಮ್ಮ ಶನಿವಾರಕ್ಕೆ ಅದು ಒದಗುವುದಿಲ್ಲ.

ಅರಸೀಕೆರೆ ಅಕ್ಕ, 9 ಡಿಸೆಂಬರ್

ನಾನೂ ದತ್ತು ತಾಯಿಯೇ. ನನ್ನ ತಂಗಿಗೆ ಮೂರನೆಯದೂ ಹೆಣ್ಣಾದಾಗ ಹನ್ನೊಂದು ದಿನದ ಕೂಸನ್ನು ನಾವು ಮನೆಗೆ ಕರೆತಂದೆವು. ಮನೆಯ ದೇವರ ಮುಂದೆ ಹಿರಿಯರೆಲ್ಲ ಸೇರಿ ಮಡಿಲಿಗೆ ಹಾಕಿದರು. ಆಗ ನಾನು ಗಾರ್ಮೆಂಟ್ಸ್‌ನಲ್ಲಿದ್ದೆ. ಕೇಳಿದರೆ ಕಾಗದ ತನ್ನಿ ಎಂದರು. ಕಾಗದ ಎಲ್ಲಿಂದ ತರಲಿ? ಕೆಲಸ ಬಿಟ್ಟೆ. ಈಗ ಅವಳು ಏಳನೇ ತರಗತಿ. ನನಗೆ ಈಗ ಆ ರಜೆಯ ಹಣ ಕೇಳಲು ಬರುತ್ತದೆಯೇ?

ನಿವೃತ್ತ ಗುಮಾಸ್ತ, 9 ಡಿಸೆಂಬರ್

ಅಕ್ಕ, ಆ ಹಣ ಈಗ ಸಿಗುವ ದಾರಿ ನನಗೆ ಕಾಣುವುದಿಲ್ಲ. ನಿಮ್ಮ ಮಗಳು ಬಂದಾಗ 2017ರ ತಿದ್ದುಪಡಿಯೇ ಆಗಿರಲಿಲ್ಲ, ದತ್ತು ತಾಯಿ ಆಗ ಕಾಯ್ದೆಯೊಳಗೇ ಇರಲಿಲ್ಲ. ತಿದ್ದುಪಡಿಯಾದ ಮೇಲೂ ಕಾಯ್ದೆಯ ಮಾತು "ಕಾನೂನುಬದ್ಧವಾಗಿ" ಎಂದು. ಹಿಂದೂ ದತ್ತಕ ಕಾಯ್ದೆ, 1956ರ ಪ್ರಕಾರ ಮಡಿಲಿಗೆ ಹಾಕುವ ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ಅಗತ್ಯ, ಅದು ನಿಮ್ಮಲ್ಲಿ ಆಗಿದೆ. ಆದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಎರಡೂ ಕಡೆಯವರು ಸಹಿ ಮಾಡಿದ ದತ್ತುಪತ್ರ ನೋಂದಣಿಯಾಗಿದ್ದರೆ ಮಾತ್ರ ಅದನ್ನು ಯಾವ ಕಚೇರಿಯೂ ಪ್ರಶ್ನಿಸದೆ ಒಪ್ಪುತ್ತದೆ. ಮಗಳಿಗಾಗಿಯಾದರೂ ಈಗ ಒಬ್ಬ ವಕೀಲರನ್ನು ನೋಡಿ. ಶಾಲೆಯ ದಾಖಲೆ, ಆಸ್ತಿ, ಮುಂದೆ ಪಾಸ್‌ಪೋರ್ಟ್, ಎಲ್ಲದಕ್ಕೂ ಬೇಕಾಗುತ್ತದೆ.

ನಿಮ್ಮ ಕಥೆಯಿಂದ ಇನ್ನೊಂದು ವಿಷಯ ಕಾಣುತ್ತದೆ. ಮೂರು ತಿಂಗಳ ಈ ಮಿತಿ ಹೊಂದುವುದು ನಿಮ್ಮಂತೆ ಬಂಧುಗಳ ಮನೆಯಿಂದ ಎಳೆಗೂಸನ್ನು ತಂದವರಿಗೆ. ಹೆತ್ತವರಿಲ್ಲದ ಮಗುವನ್ನು ಸರ್ಕಾರದ ದಾರಿಯಲ್ಲೇ ಹೋಗಿ ತರುವವರಿಗೆ ಹೊಂದುವುದಿಲ್ಲ. ನನಗೆ ಅತ್ಯಂತ ಬೇಸರ ತರುವುದು ಇದೇ.

ರೈಟರ್ ಮೂಡಿಗೆರೆ, 9 ಡಿಸೆಂಬರ್

ತಂದೆಯ ರಜೆಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಾನು ಒಂದು ಎಸ್ಟೇಟಿನಲ್ಲಿ ರೈಟರ್. ಹೋದ ವರ್ಷ ಹಣ್ಣು ಕುಯಿಲು ಜೋರಾಗಿದ್ದಾಗಲೇ ನನ್ನ ಹೆಂಡತಿಗೆ ಹಾಸನದಲ್ಲಿ ಆಪರೇಷನ್ ಮಾಡಿ ಹೆರಿಗೆಯಾಯಿತು. ಅತ್ತೆ ಇಲ್ಲ, ನನ್ನ ತಾಯಿಗೆ ಮಂಡಿನೋವು. ಅವಳು ಎದ್ದು ಮಗುವನ್ನು ಎತ್ತಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಮೂರನೇ ದಿನಕ್ಕೆ ಮ್ಯಾನೇಜರ್ ಫೋನ್ ಮಾಡಿ, ಗಂಡಸರಿಗೆ ಬಾಣಂತನದ ರಜೆ ಎಲ್ಲಿದೆ, ಕುಯಿಲು ಮುಗಿಸಿ ಹೋಗು ಎಂದರು. ಸರ್ಕಾರಿ ನೌಕರರಿಗೆ ಹದಿನೈದು ದಿನ ಇದೆಯಲ್ಲ, ಹಾಗಿದ್ದರೆ ಅದು ಎಲ್ಲರಿಗೂ ಇರಬೇಕಲ್ಲವೇ? ನಾನು ದೂರು ಕೊಡಬಹುದಿತ್ತೇ?

ನಿವೃತ್ತ ಗುಮಾಸ್ತ, 10 ಡಿಸೆಂಬರ್

ಇಲ್ಲಪ್ಪ. ಖಾಸಗಿ ಕೆಲಸದಲ್ಲಿರುವ ತಂದೆಗೆ ರಜೆ ಕೊಡಬೇಕೆಂಬ ಕಾಯ್ದೆ ಈ ದೇಶದಲ್ಲಿ ಇಲ್ಲ. ಹದಿನೈದು ದಿನ ಬರುವುದು ಸರ್ಕಾರಿ ಸೇವಾ ನಿಯಮಗಳಿಂದ. ಕೇಂದ್ರದಲ್ಲೂ ಇದೆ, ನಮ್ಮ ರಾಜ್ಯದಲ್ಲೂ ಇದೆ, ಎರಡರಲ್ಲೂ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವವರಿಗೆ. ಎಲ್ಲ ಕಾರ್ಮಿಕರಿಗೂ ಕೊಡಬೇಕೆಂದು 2017ರಲ್ಲಿ ರಾಜೀವ್ ಸಾತವ್ ಅವರು ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದಿದ್ದರು, ಅದು ಕಾಯ್ದೆಯಾಗಲಿಲ್ಲ.

ನಿನ್ನ ಕೈಯಲ್ಲಿದ್ದದ್ದು ಸಂಬಳ ಸಹಿತ ವಾರ್ಷಿಕ ರಜೆ ಒಂದೇ. ಪ್ಲಾಂಟೇಷನ್ ಕಾಯ್ದೆಯಡಿ ಕಾರ್ಮಿಕನಿಗೆ ಇಪ್ಪತ್ತು ದಿನ ದುಡಿದರೆ ಒಂದು ದಿನ ಜಮೆಯಾಗುತ್ತದೆ. ಎಷ್ಟೋ ತೋಟಗಳಲ್ಲಿ ಅದನ್ನು ಲೆಕ್ಕದಲ್ಲಿ ಬರೆದೇ ಇರುವುದಿಲ್ಲ. ನಿನ್ನ ತೋಟದಲ್ಲಿ ಬರೆಯುವವನು ನೀನೇ ಅಲ್ಲವೇ? ನಿನ್ನದನ್ನೂ ಬರೆ, ಆಳುಗಳದ್ದನ್ನೂ ಬರೆ.

ಚಿಕ್ಕತೋಟ (ಕೊಪ್ಪ), 10 ಡಿಸೆಂಬರ್

ತೋಟದವರ ಮಾತನ್ನೂ ಸ್ವಲ್ಪ ಕೇಳಿ. ನನ್ನದು ಹದಿನೆಂಟು ಎಕರೆ, ಇಪ್ಪತ್ತು ಜನ ಕಾಯಂ ಕೆಲಸಗಾರರು. ನನ್ನಂಥವನೂ ಹೆರಿಗೆ ಕಾಯ್ದೆಯೊಳಗೆ ಬರುತ್ತೇನೆ. ಇಪ್ಪತ್ತಾರು ವಾರದ ಕೂಲಿ ಪೂರ್ತಿ ನನ್ನ ಜೇಬಿನಿಂದಲೇ ಹೋಗಬೇಕು. ಸರ್ಕಾರ ಒಂದು ಪೈಸೆ ಸೇರಿಸುವುದಿಲ್ಲ. ಇಬ್ಬರು ಹೆಣ್ಣುಮಕ್ಕಳಿಗೆ ಕೊಟ್ಟಿದ್ದೇನೆ, ಕೊಟ್ಟದ್ದಕ್ಕೆ ಸಂತೋಷವೂ ಇದೆ. ಆದರೆ ಹೊಸದಾಗಿ ಮದುವೆಯಾದ ಹುಡುಗಿಯನ್ನು ಕಾಯಂ ಮಾಡಿಕೊಳ್ಳಲು ಅಕ್ಕಪಕ್ಕದ ತೋಟದವರು ಹಿಂಜರಿಯುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಇನ್ನು ತಂದೆಗೂ, ದತ್ತು ತಾಯಿಗೂ ಎಂದು ಸೇರಿಸಿದರೆ ಅದನ್ನು ಹೊರುವವರು ಯಾರು?

ನಿವೃತ್ತ ಗುಮಾಸ್ತ, 10 ಡಿಸೆಂಬರ್

ನೀವು ಹೇಳಿದ ಹೊರೆ ನಿಜ. ಇಎಸ್‌ಐಗೆ ಸೇರಿದ ಕಾರ್ಖಾನೆಯಲ್ಲಿ ತಿಂಗಳಿಗೆ ಇಪ್ಪತ್ತೊಂದು ಸಾವಿರದವರೆಗೆ ಸಂಬಳ ಪಡೆಯುವ ಹೆಣ್ಣುಮಗಳಿಗೆ ಹೆರಿಗೆಯ ಹಣವನ್ನು ನಿಗಮ ಕೊಡುತ್ತದೆ, ಮಾಲೀಕ ತಿಂಗಳ ವಂತಿಗೆ ಕಟ್ಟಿದರೆ ಸಾಕು. ತೋಟಗಳು ಅದರ ಹೊರಗಿವೆ. ಹಾಗಾಗಿ ಅದೇ ಇಪ್ಪತ್ತಾರು ವಾರ ನಿಮಗೆ ನೇರ ಖರ್ಚು. ಎಲ್ಲರ ವಂತಿಗೆಯಿಂದ ನಿಧಿ ಕಟ್ಟಿ ಕೊಟ್ಟರೆ ಹೆಣ್ಣು, ಗಂಡು, ದತ್ತು ಎಂಬ ಲೆಕ್ಕಾಚಾರ ಮಾಲೀಕನ ಮನಸ್ಸಿನಲ್ಲಿ ಇರುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಆಗುವವರೆಗೆ ಎಳೆಗೂಸು ಕಾಯಲಾರದು.

ಚಿಕ್ಕತೋಟ, 10 ಡಿಸೆಂಬರ್

ನಿಧಿ ಮಾಡಿದರೆ ನನ್ನ ಪಾಲು ಕಟ್ಟಲು ನಾನು ಸಿದ್ಧ. ಮಾಡದೆ ಕಾಯ್ದೆ ಮಾತ್ರ ಹೆಚ್ಚಿಸುತ್ತಾ ಹೋದರೆ ನಾನು ಒಪ್ಪುವುದಿಲ್ಲ.

ಭದ್ರಾತೀರ (ಬಾಳೆಹೊನ್ನೂರು), 10 ಡಿಸೆಂಬರ್

ಕಾಫಿಹೂವು ಅವರ ಪತಿಯ ವಿಷಯಕ್ಕೆ ಬರೋಣ. ನಾನು ಕೇಂದ್ರ ಸರ್ಕಾರದ ನೌಕರಳು, ಎರಡು ವರ್ಷದ ಹಿಂದೆ ಏಳು ತಿಂಗಳ ಮಗನನ್ನು ದತ್ತು ಪಡೆದೆ. ನನಗೆ ನೂರ ಎಂಬತ್ತು ದಿನ ದತ್ತು ರಜೆ ಸಿಕ್ಕಿತು, ಪೂರ್ತಿ ಸಂಬಳದೊಂದಿಗೆ. ಹೆತ್ತ ತಾಯಿಗೆ ಸಿಗುವಷ್ಟೇ. ನಮ್ಮ ನಿಯಮದಲ್ಲಿ ಮಗು ಒಂದು ವರ್ಷದೊಳಗಿದ್ದರೆ ಸಾಕು. ಮೂರು ತಿಂಗಳ ಮಾತೇ ಇಲ್ಲ. ನನ್ನ ಪತಿ ಖಾಸಗಿ ಬ್ಯಾಂಕಿನಲ್ಲಿದ್ದಾರೆ, ಅವರ ಬ್ಯಾಂಕ್ ತನ್ನ ನಿಯಮದಂತೆ ಕೆಲವು ದಿನ ಕೊಟ್ಟಿತು. ಕಾಫಿಹೂವು ಅಕ್ಕ, ನಿಮ್ಮ ಮನೆಯಲ್ಲಿ ಸರ್ಕಾರಿ ಕೆಲಸ ನಿಮ್ಮದಾಗಿ ಖಾಸಗಿ ಕೆಲಸ ಅವರದಾಗಿದ್ದರೆ ಇದೇ ಮಗುವಿಗೆ ಆರು ತಿಂಗಳು ತಾಯಿ ಜೊತೆಗಿರುತ್ತಿದ್ದಳು. ಮಗು ಅದೇ, ವಯಸ್ಸು ಅದೇ. ಇದನ್ನು ಯೋಚಿಸಿದರೆ ಸಿಟ್ಟು ಬರುತ್ತದೆ.

ಕಾಫಿಹೂವು, 11 ಡಿಸೆಂಬರ್

ಪತಿಯ ಹದಿನೈದು ದಿನಕ್ಕೂ ಈಗ ತೊಡಕು ಬಂದಿದೆ. ಅವರು ಅರ್ಜಿ ಕೊಡುವ ಮೊದಲು ವಿಚಾರಿಸಿದಾಗ ಸಹೋದ್ಯೋಗಿಯೊಬ್ಬರು, ನಿಯಮದಲ್ಲಿ ಇರುವುದು ಸಿಂಧುವಾದ ದತ್ತು ಎಂದು, ಶನಿವಾರ ಬರುವುದು ಪೋಷಣೆಗೆ ಮಾತ್ರ, ಜಿಲ್ಲಾಧಿಕಾರಿಯವರ ಆದೇಶ ಬಂದ ಮೇಲೆ ಕೇಳಿ ಎಂದರಂತೆ. ಆದೇಶಕ್ಕೆ ಎರಡು ತಿಂಗಳು ಬೇಕಾಗಬಹುದಂತೆ. ಅಷ್ಟು ಹೊತ್ತಿಗೆ ಈ ರಜೆ ಕೈತಪ್ಪಿ ಹೋಗುತ್ತದೆಯೇ?

ನಿವೃತ್ತ ಗುಮಾಸ್ತ, 11 ಡಿಸೆಂಬರ್

ಕೈತಪ್ಪುವುದಿಲ್ಲ. ಮೊದಲು ಆದೇಶದ ವಿಷಯ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ನ್ಯಾಯಾಲಯದಿಂದಲ್ಲ, ಜಿಲ್ಲಾಧಿಕಾರಿಯಿಂದ ಬರುತ್ತದೆ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ವಿಲೇವಾರಿ ಆಗಬೇಕು. ಶನಿವಾರ ಮಗು ಬಂದು, ತಿಂಗಳಾಂತ್ಯಕ್ಕೆ ಸಂಸ್ಥೆಯವರು ಅರ್ಜಿ ಹಾಕಿದರು ಎಂದುಕೊಳ್ಳೋಣ. ಫೆಬ್ರವರಿ ಕೊನೆಗೆ ಆದೇಶ. ಆಗ ಮಗುವಿಗೆ ಏಳೂವರೆ ತಿಂಗಳು, ಒಂದು ವರ್ಷದ ಮಿತಿಯೊಳಗೇ ಇರುತ್ತಾಳೆ. ಪತಿಯ ರಜೆಯನ್ನು ದತ್ತು ಸಿಂಧುವಾದ ದಿನದಿಂದ ಆರು ತಿಂಗಳೊಳಗೆ ತೆಗೆದುಕೊಳ್ಳಬಹುದು. ಅಂದರೆ ಮಗು ಮನೆಗೆ ಬಂದ ದಿನವನ್ನು ಹಿಡಿದರೂ, ಆದೇಶದ ದಿನವನ್ನು ಹಿಡಿದರೂ ಮಾರ್ಚ್ ಅವರಿಗೆ ಸುರಕ್ಷಿತ. ಈ ಹದಿನೈದು ದಿನ ಅವರ ಗಳಿಕೆ ರಜೆಯಿಂದ ಕಳೆಯುವುದಿಲ್ಲ, ಬೇರೆ ರಜೆಯ ಜೊತೆ ಸೇರಿಸಿಯೂ ಪಡೆಯಬಹುದು. ಆದರೆ ಅವಧಿಯೊಳಗೆ ಬಳಸದಿದ್ದರೆ ಹೋದಂತೆಯೇ, ಮುಂದಕ್ಕೆ ಉಳಿಯುವುದಿಲ್ಲ.

ಈಗ ನಿಮ್ಮ ವಿಷಯ. ಕಾಯ್ದೆಯಲ್ಲಿ ಹಕ್ಕು ಇಲ್ಲವೆಂದ ಮಾತ್ರಕ್ಕೆ ಕೊಡಬಾರದು ಎಂದಲ್ಲ. ಕಾಯ್ದೆಗಿಂತ ಹೆಚ್ಚಿನ ಸೌಲಭ್ಯವನ್ನು ಒಪ್ಪಂದದಿಂದ ಕೊಡುವುದಕ್ಕೆ ಅಡ್ಡಿಯಿಲ್ಲ ಎಂದು 27ನೇ ಸೆಕ್ಷನ್ ಹೇಳುತ್ತದೆ. ಆಡಳಿತ ಮಂಡಳಿಗೆ ಬರೆಯುವಾಗ "ನನ್ನ ಹಕ್ಕು" ಎಂದು ಬರೆಯಬೇಡಿ, ಒಂದೇ ಸಾಲಿನಲ್ಲಿ ತಿರಸ್ಕರಿಸುತ್ತಾರೆ. ಹನ್ನೆರಡು ವಾರದ ವಿಶೇಷ ರಜೆ ಕೋರಿ, ಆಗದಿದ್ದರೆ ಇಂತಿಷ್ಟು ವಾರ ಸಂಬಳ ಸಹಿತ, ಉಳಿದದ್ದು ಸಂಬಳ ರಹಿತ ಎಂದು ಎರಡನೇ ಬೇಡಿಕೆಯನ್ನೂ ಅದೇ ಪತ್ರದಲ್ಲಿ ಇಡಿ. ಒಪ್ಪಿಗೆ ಪತ್ರದ ಪ್ರತಿಯನ್ನು ಲಗತ್ತಿಸಿ. ನಿಮ್ಮ ವಾರ್ಷಿಕ ರಜೆ ಎಷ್ಟು ಉಳಿದಿದೆ ನೋಡಿ, ಕಾರ್ಖಾನೆ ಕಾಯ್ದೆಯಲ್ಲಿ ಮೂವತ್ತು ದಿನದವರೆಗೆ ಮುಂದಿನ ವರ್ಷಕ್ಕೆ ಬರುತ್ತದೆ.

ಇನ್ನೊಂದನ್ನು ಮಾತ್ರ ಹಕ್ಕಾಗಿಯೇ ಕೇಳಿ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು, ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಲು ತಾಯಿಯನ್ನು ಬಿಡಬೇಕು. ಆ ವಿಧಿಯಲ್ಲಿ ಹೆತ್ತ ಮಗು ಎಂದೂ ಇಲ್ಲ, ಮೂರು ತಿಂಗಳು ಎಂದೂ ಇಲ್ಲ.

ಹೊಯ್ಸಳನಾಡು, 11 ಡಿಸೆಂಬರ್

ಪೋಷಣೆಗೆ ಬಂದ ದಿನವನ್ನೇ ದತ್ತು ಎಂದು ಯಾಕೆ ಹಿಡಿಯಬಾರದು ಸರ್? ಹೆರಿಗೆ ಕಾಯ್ದೆಯಲ್ಲೇ "ಕೈಗೆ ಒಪ್ಪಿಸಿದ ದಿನದಿಂದ" ಎಂದಿದೆ ಎಂದು ನೀವೇ ಹೇಳಿದಿರಿ. ಆದೇಶಕ್ಕೆ ಕಾಯಿರಿ ಎನ್ನುವ ಕಚೇರಿ, ಮಗುವಿಗೆ ಅತ್ಯಂತ ಹೆಚ್ಚು ಜೊತೆ ಬೇಕಾದ ಮೊದಲ ಎರಡು ತಿಂಗಳನ್ನೇ ಕಳೆದುಬಿಡುತ್ತದೆ.

ನಿವೃತ್ತ ಗುಮಾಸ್ತ, 11 ಡಿಸೆಂಬರ್

ನಾನೂ ಹಾಗೇ ಓದುತ್ತೇನೆ. ಎಣಿಕೆ ಕೈಗೆ ಬಂದ ದಿನದಿಂದ ಶುರುವಾಗುವುದಾದರೆ ರಜೆಯೂ ಆ ದಿನದಿಂದಲೇ ಸಿಗಬೇಕು. ಎದುರು ವಾದ ಮಾಡುವವರು "ಕಾನೂನುಬದ್ಧವಾಗಿ ದತ್ತು ಪಡೆದ" ಎಂಬ ಮೊದಲ ಮಾತನ್ನು ಹಿಡಿಯುತ್ತಾರೆ, ಆದೇಶವಿಲ್ಲದೆ ದತ್ತು ಪೂರ್ಣವಾಗಿಲ್ಲ ಎನ್ನುತ್ತಾರೆ. ಎರಡೂ ರೀತಿ ನಡೆಯುವುದನ್ನು ನೋಡಿದ್ದೇನೆ.

ಭದ್ರಾತೀರ, 11 ಡಿಸೆಂಬರ್

ನನಗೆ ಪೋಷಣೆಗೆ ಒಪ್ಪಿಸಿದ ದಿನದಿಂದಲೇ ಮಂಜೂರು ಮಾಡಿದರು. ಒಪ್ಪಿಸುವಾಗ ಸಂಸ್ಥೆಯವರು ಕೊಟ್ಟ ಪತ್ರವನ್ನು ಇಟ್ಟು, ಆದೇಶ ಬಂದ ಕೂಡಲೇ ಸಲ್ಲಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದೆ. ನಿಮ್ಮ ಪತಿಯೂ ಹಾಗೆ ಕೇಳಿ ನೋಡಲಿ. ಒಪ್ಪದಿದ್ದರೆ ಮಾರ್ಚ್ ಇದ್ದೇ ಇದೆ.

ಅನುಭವದಿಂದ ಒಂದು ಮಾತು. ಮಗ ಬಂದ ಮೊದಲ ವಾರಗಳಲ್ಲಿ ರಾತ್ರಿಯೆಲ್ಲ ಅಳುತ್ತಿರಲಿಲ್ಲ, ಸುಮ್ಮನೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ. ಸಂಸ್ಥೆಯಲ್ಲಿ ಅತ್ತರೂ ತಕ್ಷಣ ಎತ್ತಿಕೊಳ್ಳುವಷ್ಟು ಕೈಗಳಿರಲಿಲ್ಲವೇನೋ. ಅಳು ಕೇಳಿದರೆ ಯಾರೋ ಬರುತ್ತಾರೆ ಎಂದು ಅವನಿಗೆ ನಂಬಿಕೆ ಹುಟ್ಟಲು ತಿಂಗಳುಗಳೇ ಹಿಡಿದವು. ರಜೆ ಎಂದರೆ ಹೆರಿಗೆಯ ದಣಿವಾರುವುದು ಮಾತ್ರ ಎಂದುಕೊಂಡವರಿಗೆ ಇದು ಗೊತ್ತಾಗುವುದಿಲ್ಲ.

ರೈಟರ್ ಮೂಡಿಗೆರೆ, 12 ಡಿಸೆಂಬರ್

ಮೇಡಂ, ನಿಮ್ಮ ಪತಿಗೆ ಒಂದು ಮಾತು ಹೇಳಿ. ಇಬ್ಬರೂ ಒಂದೇ ಸಲ ರಜೆ ಹಾಕಬೇಡಿ. ನಿಮ್ಮ ರಜೆ ಮುಗಿದ ಮರುದಿನದಿಂದ ಅವರದು ಶುರುವಾಗಲಿ. ಗಂಡಸು ಒಬ್ಬನೇ ಮಗುವಿನ ಜೊತೆ ಇದ್ದರೆ ಮಾತ್ರ ಕಲಿಯುತ್ತಾನೆ.

ಭದ್ರಾತೀರ, 12 ಡಿಸೆಂಬರ್

ಇದನ್ನು ನಾನು ಒಪ್ಪುವುದಿಲ್ಲ ಅಣ್ಣ. ಮೊದಲ ವಾರ ಇಬ್ಬರೂ ಇರಬೇಕು. ಹೊಸ ಮನೆ, ಹೊಸ ವಾಸನೆ, ಹೊಸ ಮುಖ, ಎಲ್ಲ ಒಟ್ಟಿಗೆ ಬಂದಾಗ ಒಬ್ಬರಿಂದ ಆಗುವುದಿಲ್ಲ. ಲಸಿಕೆ, ವೈದ್ಯರು, ಸಂಸ್ಥೆಯ ಕಾಗದಗಳ ಓಡಾಟ ಬೇರೆ ಇರುತ್ತದೆ.

ಕಾಫಿಹೂವು, 13 ಡಿಸೆಂಬರ್

ಎಲ್ಲರಿಗೂ ಧನ್ಯವಾದ. ಬುಧವಾರ ಪತ್ರ ಕೊಟ್ಟೆ, ನಿವೃತ್ತ ಗುಮಾಸ್ತರು ಹೇಳಿದಂತೆ ಎರಡು ಬೇಡಿಕೆ ಇಟ್ಟು. ಇಂದು ಉತ್ತರ ಬಂತು. ನಾಲ್ಕು ವಾರ ವಿಶೇಷ ರಜೆ ಸಂಬಳ ಸಹಿತ ಕೊಡುತ್ತಾರೆ, ನನ್ನ ಖಾತೆಯಲ್ಲಿರುವ ಇಪ್ಪತ್ತೆರಡು ದಿನದ ವಾರ್ಷಿಕ ರಜೆಯನ್ನು ಅದಕ್ಕೆ ಸೇರಿಸಿಕೊಳ್ಳಬಹುದು. ಹನ್ನೆರಡು ವಾರಕ್ಕೆ ಒಪ್ಪಲಿಲ್ಲ. ಇದನ್ನು ಮುಂದಿನವರಿಗೆ ಮಾದರಿ ಎಂದು ಪರಿಗಣಿಸಬಾರದು ಎಂದೂ ಬರೆದಿದ್ದಾರೆ. ಆ ಸಾಲು ಮನಸ್ಸಿಗೆ ನೋವಾಯಿತು, ನಮ್ಮ ಕ್ಯೂರಿಂಗ್ ಅಂಗಳದಲ್ಲಿ ಕಾಫಿ ಬೀಜ ಆರಿಸುವ ಹೆಣ್ಣುಮಕ್ಕಳಲ್ಲಿ ಒಬ್ಬಳು ನೋಂದಣಿ ಮಾಡಿಸಿ ಕಾಯುತ್ತಿದ್ದಾಳೆ. ಶಿಶುಪಾಲನಾ ಕೊಠಡಿಯ ಬಗ್ಗೆ ಉತ್ತರವೇ ಇಲ್ಲ. ಅದನ್ನು ಬೇರೆ ಪತ್ರದಲ್ಲಿ ಮತ್ತೆ ಕೇಳುತ್ತೇನೆ, ಈ ಸಲ ಅವಳ ಸಹಿಯೂ ಇರುತ್ತದೆ.

ಪತಿ ಮುಚ್ಚಳಿಕೆಯೊಂದಿಗೆ ಶನಿವಾರದಿಂದಲೇ ಒಂದು ವಾರಕ್ಕೆ ಗಳಿಕೆ ರಜೆ ಹಾಕಿದ್ದಾರೆ, ಹದಿನೈದು ದಿನವನ್ನು ಫೆಬ್ರವರಿಗೆ ಕೇಳಿದ್ದಾರೆ. ಮಂಜೂರಾಗಿದೆಯೇ ಎಂದು ಸೋಮವಾರ ತಿಳಿಯುತ್ತದೆ.

ನಿವೃತ್ತ ಗುಮಾಸ್ತ, 13 ಡಿಸೆಂಬರ್

ಕೊಠಡಿಯ ಪತ್ರವನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ಅದರ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಆ ಹೆಣ್ಣುಮಗಳಿಗೆ ಇಎಸ್‌ಐ ಇದೆಯೇ ಎಂದು ಕೇಳಿ ನನಗೆ ತಿಳಿಸಿ. ಇದ್ದರೂ ಅಲ್ಲಿಯೂ ದತ್ತು ತಾಯಿಗೆ ಇದೇ ಮೂರು ತಿಂಗಳ ಮಿತಿ ಇದೆ, ಆದರೆ ಅವಳಿಗೆ ಮಗುವಿನ ವಿವರ ಬರುವ ಮೊದಲೇ ಪತ್ರ ಸಿದ್ಧವಾಗಿರಲಿ.

ಅರಸೀಕೆರೆ ಅಕ್ಕ, 13 ಡಿಸೆಂಬರ್

ಶನಿವಾರ ಮಗು ಬಂದ ಮೇಲೆ ಒಂದು ಸಾಲು ಬರೆಯಿರಿ ತಾಯಿ. ನಾನು ಸೋಮವಾರ ವಕೀಲರ ಹತ್ತಿರ ಹೋಗುತ್ತಿದ್ದೇನೆ, ತಂಗಿಯೂ ಅವಳ ಗಂಡನೂ ಬರಲು ಒಪ್ಪಿದ್ದಾರೆ.